ದಿನಕ್ಕೊಂದು ವಿಷಯವೋ, ಬೆರೆಸಿ ಓದುವುದೋ? ವಾರದ ವೇಳಾಪಟ್ಟಿ ಹಾಕುವ ಮುನ್ನ

ಡೊಂಬಿವಲಿಯಲ್ಲಿ ನಮ್ಮದೇ ಕಟ್ಟಡದ ಮೂರನೆಯ ಮಹಡಿಯ ಹುಡುಗಿ ಈ ವರ್ಷ ಹನ್ನೆರಡನೆಯ ತರಗತಿ, ವಿಜ್ಞಾನ. ಕಾಲೇಜು ಮಾಟುಂಗದಲ್ಲಿ. ಸೋಮ, ಬುಧ, ಶುಕ್ರವಾರ ಸಂಜೆ ಠಾಣೆಯಲ್ಲಿ ಕೋಚಿಂಗ್ ಕ್ಲಾಸು. ಜೂನ್ ತಿಂಗಳಲ್ಲಿ ಅವಳು ಗೋಡೆಗೆ ಅಂಟಿಸಿದ ವೇಳಾಪಟ್ಟಿ ನೋಡಲು ಬಹಳ ಚೆನ್ನಾಗಿತ್ತು. ಸೋಮವಾರ ಫಿಸಿಕ್ಸ್, ಮಂಗಳವಾರ ಇಂಗ್ಲಿಷ್, ಬುಧವಾರ ಐ.ಟಿ., ಗುರುವಾರ ಕೆಮಿಸ್ಟ್ರಿ, ಶನಿವಾರ ಗಣಿತ, ಭಾನುವಾರ ಪುನರಾವರ್ತನೆ. ಶುಕ್ರವಾರದ ಮನೆಯಲ್ಲಿ ‘ಉಳಿದದ್ದು’ ಎಂದು ಬರೆದಿತ್ತು. ಒಂದೊಂದಕ್ಕೂ ಒಂದೊಂದು ಬಣ್ಣ.

ಅವಳ ತಂದೆ ದಾದರ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್. ಅವರು ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ನನ್ನ ಬಳಿ ಬಂದರು. “ಮಾಸ್ಟ್ರೇ, ಬೆರೆಸಿ ಓದುವುದೇ ವೈಜ್ಞಾನಿಕವಂತೆ. ಇವಳಿಗೆ ಅರ್ಧ ಗಂಟೆಗೊಮ್ಮೆ ವಿಷಯ ಬದಲಾಯಿಸಲು ನೀವು ಹೇಳಿ. ನಾನು ಹೇಳಿದರೆ ಕೇಳುವುದಿಲ್ಲ.” ಹುಡುಗಿ ಹಿಂದೆಯೇ ನಿಂತಿದ್ದಳು. “ಹಾಗೆ ಮಾಡಿದರೆ ಒಂದೂ ತಲೆಗೆ ಹೋಗುವುದಿಲ್ಲ ಸರ್” ಎಂದಳು.

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಆದರೆ ಇಬ್ಬರೂ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ತಿಳಿದಿದ್ದರು. ಒಂದು ದಿನದಲ್ಲಿ ಎಷ್ಟು ವಿಷಯ ಇಟ್ಟುಕೊಳ್ಳಬೇಕು ಎಂಬುದು ಒಂದು ಪ್ರಶ್ನೆ. ಒಂದು ವಿಷಯಕ್ಕೆ ಕುಳಿತಾಗ ಅದರೊಳಗಿನ ಪಾಠಗಳನ್ನು, ಲೆಕ್ಕಗಳನ್ನು ಸಾಲಾಗಿ ಮಾಡಬೇಕೇ, ಕಲಸಿ ಮಾಡಬೇಕೇ ಎಂಬುದು ಇನ್ನೊಂದು. ಸಂಶೋಧಕರು ‘ಇಂಟರ್‌ಲೀವಿಂಗ್’ ಎಂದು ಹೇಳುವುದು ಮುಖ್ಯವಾಗಿ ಎರಡನೆಯದರ ಬಗ್ಗೆ. ವೇಳಾಪಟ್ಟಿಯ ಜಗಳ ನಡೆಯುವುದು ಮೊದಲನೆಯದರ ಬಗ್ಗೆ. ಹಾಗಾಗಿ ಕ್ರಮವಾಗಿ ನೋಡೋಣ: ಮೊದಲು ಏನನ್ನು ಬೆರೆಸಬೇಕು, ಆಮೇಲೆ ಯಾವಾಗ, ಕೊನೆಗೆ ವಾರದ ಚೌಕಟ್ಟು.

ಬೆರೆಸಿದರೆ ಲಾಭವಾಗುವುದು ಏಕೆ

ದಾದರ್‌ನಲ್ಲಿ ಸಂಜೆ ಡೊಂಬಿವಲಿಗೆ ಗಾಡಿ ಹಿಡಿಯುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗಾಡಿ ಹತ್ತುವುದು ಒಂದು ವಿದ್ಯೆ. ಬರುತ್ತಿರುವುದು ಯಾವ ಗಾಡಿ, ಅದು ಠಾಣೆಯಲ್ಲೇ ನಿಂತುಬಿಡುವುದೋ, ಕಲ್ಯಾಣದವರೆಗೆ ಹೋಗುವುದೋ ಎಂದು ಗುರುತಿಸುವುದು ಇನ್ನೊಂದು ವಿದ್ಯೆ. ಒಂದೇ ಗಾಡಿ ಬರುವ ಪ್ಲಾಟ್‌ಫಾರ್ಮಿನಲ್ಲಿ ನೂರು ದಿನ ಹತ್ತಿ ಇಳಿದರೂ ಎರಡನೆಯ ವಿದ್ಯೆ ಬರುವುದಿಲ್ಲ.

ಪಠ್ಯಪುಸ್ತಕದ ಅಭ್ಯಾಸವೂ ಹಾಗೆಯೇ. ‘ಪಾರ್ಶಿಯಲ್ ಫ್ರ್ಯಾಕ್ಷನ್’ ಎಂಬ ತಲೆಬರಹದ ಕೆಳಗೆ ಇಪ್ಪತ್ತು ಲೆಕ್ಕಗಳಿದ್ದರೆ, ಯಾವ ವಿಧಾನ ಬಳಸಬೇಕು ಎಂದು ವಿದ್ಯಾರ್ಥಿ ಒಮ್ಮೆಯೂ ಯೋಚಿಸಬೇಕಿಲ್ಲ, ತಲೆಬರಹವೇ ಹೇಳಿಬಿಟ್ಟಿದೆ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ.

ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಅಪರಿಚಿತವಾದ ನಾಲ್ಕು ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪು ಒಂದು ಆಕೃತಿಯ ಲೆಕ್ಕಗಳನ್ನೆಲ್ಲ ಮುಗಿಸಿ ಮುಂದಿನದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ನಾಲ್ಕೂ ಬೆರೆತು ಬಂದವು. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಮಾಡಿದವರು ಶೇಕಡಾ 89 ಸರಿ ಮಾಡಿದರು, ಬೆರೆಸಿ ಮಾಡಿದವರು ಶೇಕಡಾ 60. ಒಂದು ವಾರದ ನಂತರ ಪರೀಕ್ಷೆ ಇಟ್ಟಾಗ ಸಾಲಿನವರು ಶೇಕಡಾ 20ಕ್ಕೆ ಇಳಿದಿದ್ದರು, ಬೆರೆಸಿದವರು ಶೇಕಡಾ 63ರಲ್ಲಿದ್ದರು. ಅಭ್ಯಾಸದಲ್ಲಿ ಹಿಂದಿದ್ದವರು ಪರೀಕ್ಷೆಯಲ್ಲಿ ಮುಂದಾದರು. ಈ ನಾಲ್ಕು ಸಂಖ್ಯೆಗಳು ನೆನಪಿರಲಿ, ಮುಂದೆ ತಂದೆತಾಯಿಯ ಜೊತೆ ವಾದ ಮಾಡಲು ಬೇಕಾಗುತ್ತವೆ.

ಇದರ ಇನ್ನೊಂದು ಬದಿಯನ್ನು ವಿಡಿಯೊಗಳು ಹೇಳುವುದಿಲ್ಲ. 2014ರಲ್ಲಿ ಹಾಸ್‌ಮನ್ ಮತ್ತು ಕಾರ್ನೆಲ್ ಎಂಬ ಸಂಶೋಧಕರು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಿಷಯಗಳನ್ನು, ಅಂದರೆ ಶರೀರಶಾಸ್ತ್ರದ ಪದಗಳನ್ನು ಮತ್ತು ಇಂಡೊನೇಷ್ಯಾದ ಭಾಷೆಯ ಪದಗಳನ್ನು, ಬೆರೆಸಿ ಓದಿಸಿ ನೋಡಿದರು. ಬೆರೆಸಿದ್ದರಿಂದ ಕಲಿಕೆ ಹೆಚ್ಚಾಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಇಂಗ್ಲಿಷ್ ಪದ್ಯವನ್ನೂ ಇಂಟಿಗ್ರೇಶನ್ನನ್ನೂ ಯಾರೂ ಒಂದಕ್ಕೊಂದು ಎಂದು ತಪ್ಪು ತಿಳಿಯುವುದಿಲ್ಲ. ಗೊಂದಲವೇ ಇಲ್ಲದ ಕಡೆ ಗುರುತಿಸುವ ಅಭ್ಯಾಸದಿಂದ ಏನು ಬಂತು? ಅರ್ಧ ಗಂಟೆ ಇಂಗ್ಲಿಷ್, ಅರ್ಧ ಗಂಟೆ ಗಣಿತ ಎಂದು ಹಾರುತ್ತಿದ್ದರೆ ಪುಸ್ತಕ ಬದಲಾಯಿಸಿದ ಶ್ರಮ ಮಾತ್ರ ಲೆಕ್ಕಕ್ಕೆ ಬರುತ್ತದೆ. ತಂದೆಯ ಸಲಹೆ ಬಿದ್ದುಹೋದದ್ದು ಇಲ್ಲಿ.

ಮೊದಲ ಹೆಜ್ಜೆ: ತಪ್ಪುಗಳನ್ನು ಮೂರು ಗುಂಪು ಮಾಡಿ

ವೇಳಾಪಟ್ಟಿಯ ಹಾಳೆಯನ್ನು ಸದ್ಯಕ್ಕೆ ಬದಿಗಿಡಿ. ಕಳೆದ ಒಂದೆರಡು ತಿಂಗಳ ಯೂನಿಟ್ ಟೆಸ್ಟ್, ಕೋಚಿಂಗಿನ ಟೆಸ್ಟ್ ಪೇಪರುಗಳನ್ನು ತೆಗೆದು, ಒಂದೇ ವಿಷಯದಲ್ಲಿ ತಪ್ಪಾದ ಮೂವತ್ತು ಪ್ರಶ್ನೆಗಳನ್ನು ಆರಿಸಿ. ಪ್ರತಿಯೊಂದರ ಪಕ್ಕದಲ್ಲಿ ಒಂದು ಅಕ್ಷರ ಬರೆಯಿರಿ. ಪಾಠವೇ ಗೊತ್ತಿರಲಿಲ್ಲ ಎಂದಾದರೆ ‘ಗೊ’. ವಿಧಾನ ಸರಿಯಾಗಿತ್ತು, ನಡುವೆ ಎಲ್ಲೋ ಚಿಹ್ನೆಯೋ ಗುಣಾಕಾರವೋ ತಪ್ಪಿತು ಎಂದಾದರೆ ‘ಕೈ’, ಅಂದರೆ ಕೈತಪ್ಪು. ವಿಧಾನವನ್ನೇ ತಪ್ಪಾಗಿ ಆರಿಸಿದ್ದರೆ, ಅಥವಾ ಉತ್ತರ ನೋಡಿದ ಕೂಡಲೇ “ಅಯ್ಯೋ, ಇದು ನನಗೆ ಗೊತ್ತಿತ್ತಲ್ಲ” ಎನಿಸಿದ್ದರೆ ‘ಆ’, ಆಯ್ಕೆಯ ತಪ್ಪು.

ಈ ಎಣಿಕೆಯೇ ಅರ್ಧ ನಿರ್ಧಾರ ಮಾಡುತ್ತದೆ. ‘ಗೊ’ ಹೆಚ್ಚಿದ್ದರೆ ಬೆರೆಸುವ ಮಾತೇ ಬೇಡ. ಪಾಠಕ್ಕೆ ಹಿಂದಿರುಗಿ, ಒಂದೇ ವಿಷಯದ ಉದ್ದನೆಯ ಅವಧಿ ಬೇಕು. ‘ಕೈ’ ಹೆಚ್ಚಿದ್ದರೆ ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡಿ ಕೈ ಪಳಗಿಸಬೇಕು. ‘ಆ’ ಹೆಚ್ಚಿದ್ದರೆ ಮಾತ್ರ ಬೆರೆಸಿದ ಅಭ್ಯಾಸ ನೇರವಾಗಿ ಕೆಲಸಕ್ಕೆ ಬರುತ್ತದೆ.

ನಮ್ಮ ಹುಡುಗಿಯ ಗಣಿತದ ಮೂವತ್ತರಲ್ಲಿ ‘ಆ’ ಹದಿನೇಳು, ‘ಕೈ’ ಒಂಬತ್ತು, ‘ಗೊ’ ನಾಲ್ಕು ಬಂತು. ಅವಳಿಗೇ ಆಶ್ಚರ್ಯ. ತನಗೆ ಲೆಕ್ಕ ಬರುವುದಿಲ್ಲ ಎಂದು ಅವಳು ನಂಬಿದ್ದಳು; ಲೆಕ್ಕ ಬರುತ್ತಿತ್ತು, ಯಾವ ಲೆಕ್ಕ ಎಂದು ತಿಳಿಯುತ್ತಿರಲಿಲ್ಲ. ಕೆಮಿಸ್ಟ್ರಿಯಲ್ಲಿ ತಿರುಗುಮುರುಗು: ಅಲ್ಲಿ ‘ಗೊ’ ಹದಿನಾಲ್ಕು. ಒಬ್ಬಳೇ ಹುಡುಗಿಗೆ ಒಂದು ವಿಷಯದಲ್ಲಿ ಬೆರೆಸಿದ ಅಭ್ಯಾಸ, ಇನ್ನೊಂದರಲ್ಲಿ ನೇರವಾದ ಓದು ಬೇಕಾಗಿತ್ತು.

ಎರಡನೆಯ ಹೆಜ್ಜೆ: ಯಾವುದು ಯಾವುದರ ಜೊತೆ ಗೊಂದಲವಾಗುತ್ತದೆ

‘ಆ’ ಎಂದು ಗುರುತಾದ ಪ್ರಶ್ನೆಗಳನ್ನು ನೋಡಿ ಜೋಡಿಗಳನ್ನು ಬರೆಯಿರಿ. ಏನನ್ನು ಏನೆಂದು ತಿಳಿದೆ ಎಂಬುದನ್ನು ಬರೆಯಬೇಕು, ಪಾಠದ ಹೆಸರನ್ನಲ್ಲ. ಗಣಿತದಿಂದ ಒಂದು ಗುಂಪನ್ನು ಪೂರ್ತಿ ನೋಡೋಣ.

∫ x/(x²+4) dx

∫ 1/(x²+4) dx

∫ 1/(x²−4) dx

ಕಣ್ಣಿಗೆ ಮೂರೂ ಅಣ್ಣತಮ್ಮಂದಿರು. ಮೊದಲನೆಯದರಲ್ಲಿ ಮೇಲಿರುವ x ಕೆಳಗಿನ x²+4ರ ಅವಕಲನದ ಅರ್ಧ. ಆದ್ದರಿಂದ t = x²+4 ಎಂದು ಬದಲಿಸಿದರೆ ½ log(x²+4) + c ಬಂದುಬಿಡುತ್ತದೆ. ಎರಡನೆಯದರಲ್ಲಿ ಮೇಲೆ x ಇಲ್ಲ, ಬದಲಿಸುವ ದಾರಿ ಮುಚ್ಚಿತು. ಅದು ನೇರ ಸೂತ್ರ, ½ tan⁻¹(x/2) + c. ಮೂರನೆಯದರಲ್ಲಿ ಒಂದೇ ಒಂದು ಚಿಹ್ನೆ ಬದಲಾಗಿದೆ. ಆದರೆ x²−4 ಈಗ (x−2)(x+2) ಎಂದು ಒಡೆಯುತ್ತದೆ, ಹಾಗಾಗಿ ಪಾರ್ಶಿಯಲ್ ಫ್ರ್ಯಾಕ್ಷನ್. ಉತ್ತರ ¼ log|(x−2)/(x+2)| + c. ಹುಡುಗಿ ಎರಡನೆಯದನ್ನು ನೋಡಿ t = x²+4 ಎಂದು ಹಾಕಿ, dx ಜೊತೆಗೆ ಬೇಕಾದ x ಸಿಗದೆ, ಅರ್ಧ ಪುಟ ಗೀಚಿ ಬಿಟ್ಟಿದ್ದಳು. ಪಠ್ಯದ ಅಭ್ಯಾಸದಲ್ಲಿ ಇವು ಬೇರೆ ಬೇರೆ ತಲೆಬರಹಗಳಡಿ ಇದ್ದುದರಿಂದ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಸಂದರ್ಭವೇ ಅವಳಿಗೆ ಬಂದಿರಲಿಲ್ಲ.

ಇಂಥ ಗುಂಪುಗಳು ಎಲ್ಲ ಕಡೆ ಇವೆ. ಫಿಸಿಕ್ಸ್‌ನಲ್ಲಿ ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿದರೆ ಬೆಲೆಗಳನ್ನು ನೇರವಾಗಿ ಕೂಡಬೇಕು, ಕೆಪಾಸಿಟರುಗಳನ್ನು ಸಮಾಂತರವಾಗಿ ಜೋಡಿಸಿದಾಗ ನೇರವಾಗಿ ಕೂಡಬೇಕು. ಇವು ಬೇರೆ ಅಧ್ಯಾಯಗಳಲ್ಲಿ, ವಾರಗಳ ಅಂತರದಲ್ಲಿ ಬರುವುದರಿಂದ ಗೊಂದಲ ಪರೀಕ್ಷೆಯ ಕೋಣೆಯಲ್ಲಿಯೇ ಮೊದಲ ಬಾರಿಗೆ ಹೊರಬರುತ್ತದೆ. ಕೆಮಿಸ್ಟ್ರಿಯಲ್ಲಿ SN1, SN2 ಕ್ರಿಯೆಗಳು ಇಂಥವೇ ಜೋಡಿ. ಒಂದು ವಿಷಯಕ್ಕೆ ಇಂಥ ನಾಲ್ಕೈದು ಗುಂಪುಗಳು ಸಿಕ್ಕರೆ ಸಾಕು. ಸಿಗಲೇ ಇಲ್ಲವೆಂದರೆ, ಆ ವಿಷಯದಲ್ಲಿ ಸದ್ಯಕ್ಕೆ ಬೆರೆಸಬೇಡಿ.

ಮೂರನೆಯ ಹೆಜ್ಜೆ: ಮೊದಲು ಸಾಲಾಗಿ, ಆಮೇಲೆ ಡಬ್ಬಿಗೆ

ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ರೋರರ್ ಅವರ ಸಂಖ್ಯೆಗಳನ್ನು ಓದಿದ ಹುರುಪಿನಲ್ಲಿ ನನ್ನ ಮನೆ ಟ್ಯೂಷನ್ನಿನ ಮಕ್ಕಳಿಗೆ ಇಂಟಿಗ್ರೇಶನ್ ಶುರುವಾದ ದಿನದಿಂದಲೇ ಎಲ್ಲವನ್ನೂ ಕಲಸಿ ಕೊಟ್ಟೆ. ಎರಡು ವಾರದಲ್ಲಿ ಎಂಟು ಮಕ್ಕಳಲ್ಲಿ ಒಬ್ಬರಿಗೂ ಒಂದು ವಿಧಾನವೂ ಗಟ್ಟಿಯಾಗಲಿಲ್ಲ. ಆರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ! ಸಾಂಬಾರು ಮಾಡಲು ಹೊರಟವನಿಗೆ ಬೇಳೆ ಬೇಯಿಸಲೇ ಬಾರದಿದ್ದಂತೆ ಆಗಿತ್ತು ನನ್ನ ತರಗತಿ.

ಈಗ ನಾನು ಇಟ್ಟುಕೊಂಡಿರುವ ಅಳತೆ ಸರಳ. ಹೊಸ ವಿಧಾನವನ್ನು ಕಲಿತ ದಿನ ಅದನ್ನೇ ಸಾಲಾಗಿ ಮಾಡಿ. ಬಿಡಿಸಿದ ಮಾದರಿಯನ್ನು ನೋಡದೆ ನಾಲ್ಕು ಲೆಕ್ಕ ಸತತವಾಗಿ ಸರಿ ಬಂದರೆ ಅಂದಿಗೆ ನಿಲ್ಲಿಸಿ. ಐದನೆಯದರಿಂದ ಹದಿನೈದನೆಯದರವರೆಗೆ ಅದೇ ಜಾತಿಯ ಲೆಕ್ಕ ಮಾಡುವುದರಲ್ಲಿ ಹೆಚ್ಚು ಲಾಭವಿಲ್ಲ. ಅವುಗಳನ್ನು ಬಿಡಬೇಡಿ, ಉಳಿಸಿಕೊಳ್ಳಿ. ಅವೇ ಬೆರಕೆಗೆ ಸರಕು.

ಉಳಿದವುಗಳನ್ನು ಚೀಟಿ ಮಾಡಿ. ಅಭ್ಯಾಸದ ಪುಟವನ್ನು ಜೆರಾಕ್ಸ್ ಮಾಡಿಸಿ ಕತ್ತರಿಸಬಹುದು, ಅಥವಾ ಚೀಟಿಯ ಮೇಲೆ ಲೆಕ್ಕವನ್ನು ಕೈಯಿಂದ ಬರೆದು ಹಿಂಬದಿಯಲ್ಲಿ ಪುಟ ಸಂಖ್ಯೆ ಹಾಕಬಹುದು. ಮುಂಬದಿಯಲ್ಲಿ ಅಧ್ಯಾಯದ ಹೆಸರು ಎಲ್ಲಿಯೂ ಕಾಣಬಾರದು. ಬಣ್ಣದ ಕಾಗದವೂ ಬೇಡ: ಗುಲಾಬಿ ಚೀಟಿಯೆಂದರೆ ಪಾರ್ಶಿಯಲ್ ಫ್ರ್ಯಾಕ್ಷನ್ ಎಂದು ಮೂರು ದಿನದಲ್ಲಿ ಕಣ್ಣು ಕಲಿತುಬಿಡುತ್ತದೆ. ಚೀಟಿಗಳನ್ನು ಖಾಲಿ ಡಬ್ಬಿಗೆ ಹಾಕಿ. ವಿಷಯಕ್ಕೊಂದು ಡಬ್ಬಿ.

ಒಂದು ಬೈಠಕ್ಕಿಗೆ ಹತ್ತು ಲೆಕ್ಕ ಸಾಕು. ಈ ವಾರದ ಹೊಸ ವಿಧಾನದಿಂದ ಮೂರು, ಅದರ ಜೊತೆ ಗೊಂದಲವಾಗುವ ಹಳೆಯ ವಿಧಾನಗಳಿಂದ ನಾಲ್ಕು, ಒಂದು ತಿಂಗಳಿಗಿಂತ ಹಿಂದಿನ ಪಾಠಗಳಿಂದ ಮೂರು. ಕಲೆಸಿ ಜೋಡಿಸಿಕೊಳ್ಳಿ, ಒಂದೇ ಬಗೆಯ ಎರಡು ಅಕ್ಕಪಕ್ಕ ಬಂದರೆ ಒಂದನ್ನು ಕೆಳಗೆ ಸರಿಸಿ. ಪ್ರತಿ ಲೆಕ್ಕಕ್ಕೂ ಮೊದಲು ಒಂದು ಸಾಲು ಬರೆಯುವುದು ಕಡ್ಡಾಯ: ಯಾವ ವಿಧಾನ, ಯಾವ ಗುರುತಿನಿಂದ ತಿಳಿಯಿತು. “ಮೇಲೆ x ಇದೆ, ಕೆಳಗಿನದರ ಅವಕಲನ, ಆದ್ದರಿಂದ ಬದಲಿಸುವುದು” ಎಂಬಷ್ಟು. ಈ ಸಾಲನ್ನು ಬಿಟ್ಟರೆ ತಪ್ಪಾದಾಗ ಅದು ಆಯ್ಕೆಯ ತಪ್ಪೋ ಕೈತಪ್ಪೋ ಎಂದು ನಿಮಗೇ ತಿಳಿಯುವುದಿಲ್ಲ. ಹತ್ತೂ ಮುಗಿದ ಮೇಲಲ್ಲ, ಒಂದೊಂದು ಲೆಕ್ಕ ಮುಗಿದ ಕೂಡಲೇ ಉತ್ತರ ನೋಡಿ. ತಪ್ಪಾದ ಚೀಟಿ ಡಬ್ಬಿಗೆ ಮರಳುತ್ತದೆ. ಸರಿಯಾದದ್ದು ಒಂದು ಲಕೋಟೆಗೆ ಹೋಗಿ ತಿಂಗಳ ನಂತರ ಹೊರಬರುತ್ತದೆ.

ಡೊಂಬಿವಲಿಯಿಂದ ಮಾಟುಂಗಕ್ಕೆ ಸ್ಲೋ ಗಾಡಿಯಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. ಬೆಳಗಿನ ಹೊತ್ತಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ, ನೋಟ್‌ಬುಕ್ ತೆರೆಯುವ ಮಾತಿಲ್ಲ. ಆದರೆ ಹದಿನೈದು ಚೀಟಿ ಕೈಯಲ್ಲಿ ಹಿಡಿದು, ಬಿಡಿಸದೆ, ವಿಧಾನದ ಹೆಸರನ್ನು ಮಾತ್ರ ಮನಸ್ಸಿನಲ್ಲಿ ಹೇಳಿಕೊಂಡು ಹಿಂಬದಿ ತಿರುಗಿಸಿ ನೋಡಬಹುದು. ಇದಕ್ಕಾಗಿ ಹಿಂಬದಿಯಲ್ಲಿ ಪುಟ ಸಂಖ್ಯೆಯ ಜೊತೆ ವಿಧಾನದ ಹೆಸರನ್ನೂ ಬರೆದಿಟ್ಟುಕೊಳ್ಳಬೇಕು. ಆಯ್ಕೆಯ ಅಭ್ಯಾಸಕ್ಕೆ ಪೆನ್ನು ಬೇಡ. ಕೈ ಪಳಗಲು ಮಾತ್ರ ಮೇಜು ಬೇಕು.

ನಾಲ್ಕನೆಯ ಹೆಜ್ಜೆ: ಈಗ ವಾರದ ಹಾಳೆ

ಮೊದಲ ಪ್ರಶ್ನೆಗೆ ಬರೋಣ. ದಿನಕ್ಕೊಂದು ವಿಷಯ ಎಂಬ ಪದ್ಧತಿ ಹೇಳುವಷ್ಟು ಕೆಟ್ಟದ್ದಲ್ಲ. ಒಂದು ವಿಷಯಕ್ಕೆ ವಾರಕ್ಕೊಮ್ಮೆ ಹಿಂದಿರುಗುವುದು ಹಳೆಯ ಪಾಠಗಳನ್ನು ನೆನಪಿನಲ್ಲಿ ಉಳಿಸಲು ಒಳ್ಳೆಯ ಅಂತರವೇ. ಅದು ಸೋಲುವುದು ಎರಡು ಕಡೆ. ಒಂದು, ಹೊಸ ಪಾಠದಲ್ಲಿ. ಹುಡುಗಿಗೆ ಠಾಣೆಯ ಕ್ಲಾಸಿನಲ್ಲಿ ಗಣಿತ ಸೋಮವಾರ. ಮನೆಯಲ್ಲಿ ಗಣಿತದ ಪುಸ್ತಕ ತೆರೆಯುವುದು ಶನಿವಾರ. ಐದು ದಿನದಲ್ಲಿ ಬೋರ್ಡಿನ ಮೇಲೆ ನೋಡಿದ್ದು ಆರಿಹೋಗಿ, ಶನಿವಾರದ ಮೊದಲ ಗಂಟೆ ಸೋಮವಾರವನ್ನು ಮತ್ತೆ ಕಲಿಯುವುದಕ್ಕೆ ಹೋಗುತ್ತಿತ್ತು. ಎರಡು, ದಿನ ತಪ್ಪಿದಾಗ. ಮುಂಬೈಯಲ್ಲಿ ದಿನ ತಪ್ಪಲು ಕಾರಣ ಹುಡುಕಬೇಕಿಲ್ಲ: ಜುಲೈನ ಮಳೆ, ಭಾನುವಾರದ ಮೆಗಾ ಬ್ಲಾಕ್, ಗಣಪತಿ, ಊರಿನಿಂದ ಬಂದ ನೆಂಟರು. ಒಂದು ಶನಿವಾರ ಹೋದರೆ ಗಣಿತಕ್ಕೆ ಹದಿನಾಲ್ಕು ದಿನದ ಬಿಡುವು.

ಹಾಗೆಂದು ಎಲ್ಲ ವಿಷಯವೂ ಎಲ್ಲ ದಿನವೂ ಆಗುವುದಿಲ್ಲ. ಪುಸ್ತಕ ತೆರೆದು, ಹಿಂದೆ ಎಲ್ಲಿ ಬಿಟ್ಟೆ ಎಂದು ನೋಡಿ, ಮನಸ್ಸು ಒಗ್ಗಿಕೊಳ್ಳಲು ಹತ್ತು ನಿಮಿಷವಾದರೂ ಬೇಕು. ಅವಧಿ ಅರ್ಧ ಗಂಟೆಯದಾದರೆ ಮೂರನೇ ಒಂದು ಭಾಗ ಅಲ್ಲಿಯೇ ಹೋಯಿತು. ಹೊಸ ಪಾಠಕ್ಕೆ ಐವತ್ತು ನಿಮಿಷಕ್ಕಿಂತ ಕಡಿಮೆ ಕೊಡಬೇಡಿ ಎಂಬುದು ನನ್ನ ಅನುಭವದ ಮಾತು. ಚೀಟಿಗಳ ಅಭ್ಯಾಸ ಮಾತ್ರ ಅರ್ಧ ಗಂಟೆಯಲ್ಲೂ ಆಗುತ್ತದೆ, ಏಕೆಂದರೆ ಅಲ್ಲಿ ಹಿಂದಿನ ದಿನದ ಎಳೆ ಹಿಡಿಯಬೇಕಿಲ್ಲ.

ಇದರಿಂದ ಹೊರಡುವ ನಿಯಮ ಹೀಗಿದೆ. ಸಾಮಾನ್ಯ ದಿನಕ್ಕೆ ಎರಡು ವಿಷಯ: ಒಂದು ಹೊಸದು, ನೇರವಾಗಿ, ಇನ್ನೊಂದು ಹಳೆಯದು, ಬೆರೆಸಿ. ಹೊಸ ಪಾಠ ಕ್ಲಾಸಿನಲ್ಲಿ ನಡೆದ ದಿನವೇ, ತಪ್ಪಿದರೆ ಮರುದಿನ ಕೈಗೆ ಬರಬೇಕು. ಯಾವ ಮುಖ್ಯ ವಿಷಯಕ್ಕೂ ನಾಲ್ಕು ದಿನಕ್ಕಿಂತ ಹೆಚ್ಚು ಬಿಡುವು ಬೀಳಬಾರದು.

ಹುಡುಗಿಗೆ ಮನೆಯಲ್ಲಿ ಸಿಗುವ ಹೊತ್ತನ್ನು ಎಣಿಸಿದೆವು. ಕ್ಲಾಸಿನ ಮೂರು ದಿನ ರಾತ್ರಿ ಒಂದೂವರೆ ಗಂಟೆ, ಮಂಗಳವಾರ ಮತ್ತು ಗುರುವಾರ ಮೂರು ಗಂಟೆ, ಶನಿವಾರ ಮತ್ತು ಭಾನುವಾರ ನಾಲ್ಕು ಗಂಟೆ. ಒಟ್ಟು ಹದಿನೆಂಟೂವರೆ. ಠಾಣೆಯಲ್ಲಿ ಸೋಮವಾರ ಗಣಿತ, ಬುಧವಾರ ಫಿಸಿಕ್ಸ್, ಶುಕ್ರವಾರ ಕೆಮಿಸ್ಟ್ರಿ. ಹಾಳೆ ಹೀಗಾಯಿತು:

ಸೋಮ: ಅಂದಿನ ಗಣಿತ ಒಂದು ಗಂಟೆ, ಸಾಲಾಗಿ. ಕೆಮಿಸ್ಟ್ರಿಯ ಕ್ರಿಯೆಗಳನ್ನು ಪುಸ್ತಕ ಮುಚ್ಚಿ ಬರೆಯುವುದು, ಅರ್ಧ ಗಂಟೆ.
ಮಂಗಳ: ಗಣಿತ ಒಂದೂವರೆ ಗಂಟೆ, ಕೊನೆಯ ಅರ್ಧ ಚೀಟಿ. ಕೆಮಿಸ್ಟ್ರಿ ಒಂದೂವರೆ ಗಂಟೆ, ನೇರ ಓದು.
ಬುಧ: ಅಂದಿನ ಫಿಸಿಕ್ಸ್ ಒಂದು ಗಂಟೆ. ಗಣಿತದ ಚೀಟಿ ಅರ್ಧ ಗಂಟೆ.
ಗುರು: ಫಿಸಿಕ್ಸ್ ಒಂದೂವರೆ ಗಂಟೆ. ಗಣಿತದ ಚೀಟಿ ಒಂದೂವರೆ ಗಂಟೆ.
ಶುಕ್ರ: ಅಂದಿನ ಕೆಮಿಸ್ಟ್ರಿ ಒಂದು ಗಂಟೆ. ಫಿಸಿಕ್ಸ್ ಚೀಟಿ ಅರ್ಧ ಗಂಟೆ.
ಶನಿ: ಕೆಮಿಸ್ಟ್ರಿ ಎರಡು ಗಂಟೆ. ಫಿಸಿಕ್ಸ್ ಎರಡು ಗಂಟೆ, ಅರ್ಧ ಹೊಸದು, ಅರ್ಧ ಚೀಟಿ.
ಭಾನು: ಬೆಳಿಗ್ಗೆ ಎರಡು ಗಂಟೆ ಇಂಗ್ಲಿಷ್ ಅಥವಾ ಐ.ಟಿ., ವಾರ ಬಿಟ್ಟು ವಾರ. ಸಂಜೆ ಒಂದೂವರೆ ಗಂಟೆ ಮೂರೂ ವಿಷಯಗಳ ಚೀಟಿ ಪರೀಕ್ಷೆ, ಅರ್ಧ ಗಂಟೆ ತಪ್ಪುಗಳ ಎಣಿಕೆ.

ಇಂಗ್ಲಿಷ್ ಮತ್ತು ಐ.ಟಿ.ಯನ್ನು ಏಕೆ ಒಂದೇ ದಿನಕ್ಕೆ ಕಟ್ಟಿದ್ದು ಎಂದು ತಂದೆ ಕೇಳಿದರು. ಅಲ್ಲಿ ಗೊಂದಲದ ಗುಂಪುಗಳಿಲ್ಲ, ಕ್ಲಾಸಿನಲ್ಲಿ ಪಾಠದ ವೇಗವೂ ಕಡಿಮೆ. ಪ್ರಬಂಧ ಬರೆಯುವುದಕ್ಕೆ ಅಡೆತಡೆಯಿಲ್ಲದ ಎರಡು ಗಂಟೆ ಒಂದೇ ಕಡೆ ಸಿಗುವುದು ಮೇಲು. ಪ್ರಾಕ್ಟಿಕಲ್ ಜರ್ನಲ್ ಬರೆಯುವ ವಾರದಲ್ಲೂ ಹಾಗೆಯೇ: ಒಂದು ದಿನವನ್ನು ಪೂರ್ತಿ ಅದಕ್ಕೆ ಕೊಟ್ಟು ಮುಗಿಸಿ, ಅದರ ನಡುವೆ ಚೀಟಿ ತೂರಿಸಬೇಡಿ. ದೀರ್ಘ ಕಾಯಿಲೆಯಿಂದ ಎದ್ದು ಒಂದು ಅಧ್ಯಾಯವನ್ನು ಮೊದಲಿನಿಂದ ಹಿಡಿಯುವಾಗಲೂ ದಿನಕ್ಕೊಂದು ವಿಷಯವೇ ಸರಿ.

ಕೆಮಿಸ್ಟ್ರಿಗೆ ಡಬ್ಬಿ ಇಲ್ಲದಿರುವುದನ್ನು ಗಮನಿಸಿರಬಹುದು. ‘ಗೊ’ ಹದಿನಾಲ್ಕರಿಂದ ಐದಾರಕ್ಕೆ ಇಳಿಯುವವರೆಗೆ ಅದಕ್ಕೆ ಡಬ್ಬಿ ಸಿಗುವುದಿಲ್ಲ. ಭಾನುವಾರದ ಪರೀಕ್ಷೆಗೆ ಮಾತ್ರ ಚೆನ್ನಾಗಿ ಓದಿ ಮುಗಿಸಿದ ಪಾಠಗಳಿಂದ ನಾಲ್ಕಾರು ಪ್ರಶ್ನೆ. ಜೊತೆಗೆ, ಪದಗಳನ್ನು, ಸೂತ್ರಗಳನ್ನು, ಸಂಯುಕ್ತಗಳ ಹೆಸರುಗಳನ್ನು ಕಂಠಪಾಠ ಮಾಡುವುದಕ್ಕೆ ಬೆರಕೆಯಿಂದ ಲಾಭ ಕಾಣುವುದಿಲ್ಲ. 2019ರಲ್ಲಿ ಬ್ರನ್‌ಮೇರ್ ಮತ್ತು ರಿಕ್ಟರ್ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿತ್ರಗಳ ಶೈಲಿ ಗುರುತಿಸುವುದರಲ್ಲಿ ಲಾಭ ದೊಡ್ಡದು, ಗಣಿತದಲ್ಲಿ ಅದಕ್ಕಿಂತ ಚಿಕ್ಕದು, ಪದಗಳ ಕಲಿಕೆಯಲ್ಲಿ ನಷ್ಟವೇ ಎಂದು ಕಂಡಿತು. ಪದಗಳಿಗೆ ಬೇಕಾದದ್ದು ಅಂತರ ಬಿಟ್ಟು ನೆನಪಿಸಿಕೊಳ್ಳುವುದು. ಸೋಮವಾರ ರಾತ್ರಿಯ ಅರ್ಧ ಗಂಟೆ ಅದಕ್ಕೇ.

ಎಲ್ಲಿ ಕೆಡುತ್ತದೆ, ಹೇಗೆ ತಿಳಿಯುವುದು

ಎರಡನೆಯ ವಾರದಲ್ಲಿ ತಂದೆ ಮತ್ತೆ ಬಂದರು. “ಮೊದಲು ಹತ್ತಕ್ಕೆ ಒಂಬತ್ತು ಬರುತ್ತಿತ್ತು ಮಾಸ್ಟ್ರೇ, ಈಗ ಐದು, ಆರು. ಮೊದಲಿನದೇ ಚೆನ್ನಾಗಿತ್ತಲ್ಲವೇ?” ಮೇಲೆ ನೆನಪಿಟ್ಟುಕೊಳ್ಳಿ ಎಂದ ಸಂಖ್ಯೆಗಳು ಈ ಗಳಿಗೆಗಾಗಿ. ಅಭ್ಯಾಸದಲ್ಲಿ 89ರ ಬದಲು 60 ಬಂದವರೇ ವಾರದ ನಂತರ 63ರಲ್ಲಿ ನಿಂತದ್ದು. ಚೀಟಿಯ ದಿನದ ಅಂಕ ಇಳಿಯುವುದು ಪದ್ಧತಿ ಸೋತದ್ದರ ಗುರುತಲ್ಲ. ಇದು ತಂದೆಯೊಬ್ಬರ ಭ್ರಮೆಯೂ ಅಲ್ಲ: 2008ರಲ್ಲಿ ಕಾರ್ನೆಲ್ ಮತ್ತು ಬ್ಯೋರ್ಕ್ ಚಿತ್ರಕಾರರ ಶೈಲಿಗಳನ್ನು ಕಲಿಸಿದ ಪ್ರಯೋಗದಲ್ಲಿ, ಬೆರೆಸಿದ್ದರಿಂದ ಹೆಚ್ಚು ಕಲಿತವರಲ್ಲಿಯೂ ಹೆಚ್ಚಿನವರು ಸಾಲಾಗಿ ನೋಡಿದ್ದೇ ಚೆನ್ನಾಗಿತ್ತು ಎಂದು ಹೇಳಿದರು. ಸರಾಗವಾಗಿ ಸಾಗಿದ್ದನ್ನು ನಾವು ಕಲಿತದ್ದು ಎಂದು ಭಾವಿಸುತ್ತೇವೆ.

ಹಾಗಾದರೆ ನಂಬಬೇಕಾದ ಅಳತೆ ಯಾವುದು? ಭಾನುವಾರದ ಪರೀಕ್ಷೆಯಲ್ಲಿ, ಕೊನೆಯ ಬಾರಿ ಮುಟ್ಟಿ ಏಳು ದಿನ ಕಳೆದ ಬಗೆಯ ಲೆಕ್ಕಗಳನ್ನು ಮಾತ್ರ ಎಣಿಸಿ. ಅವುಗಳಲ್ಲಿ ವಿಧಾನ ಮೊದಲ ಯತ್ನಕ್ಕೇ ಸರಿಯಾದದ್ದು ಎಷ್ಟು? ನಾಲ್ಕು ಭಾನುವಾರದ ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ನೋಡಿ. ಏರುತ್ತಿದ್ದರೆ ಮುಂದುವರಿಸಿ. ರೋರರ್ ಮತ್ತು ಜೊತೆಗಾರರು 2015ರಲ್ಲಿ ಏಳನೆಯ ತರಗತಿಯ ಮಕ್ಕಳೊಂದಿಗೆ ಮಾಡಿದ ಅಧ್ಯಯನದಲ್ಲಿ, ಒಂದು ದಿನದ ನಂತರದ ಪರೀಕ್ಷೆಯಲ್ಲಿ ಬೆರೆಸಿದವರು 80, ಸಾಲಿನವರು 64. ಮೂವತ್ತು ದಿನಗಳ ನಂತರ 74 ಮತ್ತು 42. ವ್ಯತ್ಯಾಸ ಹೊತ್ತು ಕಳೆದಂತೆ ಹಿಗ್ಗುತ್ತದೆ, ಆದ್ದರಿಂದ ಅದೇ ರಾತ್ರಿ ಅಳೆದರೆ ಕಾಣುವುದಿಲ್ಲ.

ಚೀಟಿಯ ಬೈಠಕ್ಕಿನಲ್ಲಿ ಹತ್ತಕ್ಕೆ ನಾಲ್ಕಕ್ಕಿಂತ ಕಡಿಮೆ ಸತತ ಮೂರು ಬಾರಿ ಬಂದರೆ ನಿಲ್ಲಿಸಿ ತಪ್ಪುಗಳ ಅಕ್ಷರ ನೋಡಿ. ‘ಕೈ’ ಅಥವಾ ‘ಗೊ’ ತುಂಬಿದ್ದರೆ, ಆ ವಿಧಾನ ಡಬ್ಬಿಗೆ ಬೇಗ ಬಿದ್ದಿದೆ. ಹೊರತೆಗೆದು ಒಂದು ದಿನ ಸಾಲಾಗಿ ಮಾಡಿ. ಹತ್ತಕ್ಕೆ ಒಂಬತ್ತೋ ಹತ್ತೋ ಎರಡು ವಾರ ಬಂದರೆ ಅದೂ ಅನುಮಾನಕ್ಕೆ ಕಾರಣ. ಬಹುಶಃ ಒಂದಕ್ಕೊಂದು ಹೋಲದ ಲೆಕ್ಕಗಳನ್ನು ಬೆರೆಸಿದ್ದೀರಿ, ಅಥವಾ ಚೀಟಿಗಳೇ ಬಾಯಿಪಾಠವಾಗಿವೆ. ಅದೇ ಬಗೆಯ ಹೊಸ ಅಂಕಿಗಳ ಲೆಕ್ಕಗಳನ್ನು ಹಾಕಿ. ಹುಡುಗಿಯ ಡಬ್ಬಿಯಲ್ಲಿ ಅಕ್ಟೋಬರಿನ ಹೊತ್ತಿಗೆ ಒಂದು ಚೀಟಿಗೆ ಚಹಾದ ಕಲೆ ಇತ್ತು. ಕಲೆ ನೋಡಿ ಉತ್ತರ ಹೇಳುತ್ತಿದ್ದಳು.

ಪರೀಕ್ಷೆ ಹತ್ತಿರ ಬಂದಾಗ

ಬೋರ್ಡ್ ಪರೀಕ್ಷೆ ಮತ್ತು ಸಿ.ಇ.ಟಿ. ಎರಡಕ್ಕೂ ಕೊನೆಯ ತಿಂಗಳ ಹಾಳೆ ಬೇರೆ. ಬೋರ್ಡಿನಲ್ಲಿ ದಿನಕ್ಕೊಂದು ವಿಷಯ, ನಡುವೆ ಬಿಡುವು. ಆ ಬಿಡುವಿನ ದಿನಗಳಲ್ಲಿ ಮರುದಿನದ ವಿಷಯವನ್ನಷ್ಟೇ ಓದಿ, ಆದರೆ ಅದರೊಳಗೆ ಅಧ್ಯಾಯಗಳನ್ನು ಕಲಸಿ ಬಿಡಿಸಿ. ಎಂ.ಎಚ್.ಟಿ. ಸಿ.ಇ.ಟಿ.ಯಲ್ಲಿ ಫಿಸಿಕ್ಸ್‌ನ 50 ಮತ್ತು ಕೆಮಿಸ್ಟ್ರಿಯ 50 ಪ್ರಶ್ನೆಗಳಿಗೆ ಒಟ್ಟಾಗಿ 90 ನಿಮಿಷ, ಗಣಿತದ 50 ಪ್ರಶ್ನೆಗಳಿಗೆ ಪ್ರತ್ಯೇಕ 90 ನಿಮಿಷ. ಫಿಸಿಕ್ಸ್, ಕೆಮಿಸ್ಟ್ರಿಯ ಸರಾಸರಿ ಒಂದು ಪ್ರಶ್ನೆಗೆ ನಿಮಿಷವೂ ಪೂರ್ತಿ ಸಿಗುವುದಿಲ್ಲ, 54 ಸೆಕೆಂಡು. ಅಷ್ಟರಲ್ಲಿ ಇದು ಯಾವ ಬಗೆಯ ಪ್ರಶ್ನೆ ಎಂದು ಗುರುತಿಸಲು ಹತ್ತು ಸೆಕೆಂಡಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಗಾಡಿಯಲ್ಲಿ ನಿಂತು ಮಾಡಿದ ಚೀಟಿಗಳ ಬೆಲೆ ಇಲ್ಲಿ ತಿಳಿಯುತ್ತದೆ. ಸಿ.ಇ.ಟಿ.ಗೆ ಮೂರು ವಾರ ಇರುವಾಗಿನಿಂದ ಭಾನುವಾರದ ಸಂಜೆಯನ್ನು ಬೆಳಿಗ್ಗೆಗೆ ತಂದು, ಫಿಸಿಕ್ಸ್ ಮತ್ತು ಕೆಮಿಸ್ಟ್ರಿಯನ್ನು ಒಂದೇ ಬೈಠಕ್ಕಿನಲ್ಲಿ ಗಡಿಯಾರ ಇಟ್ಟು ಮಾಡಬೇಕು. ಸಂಬಂಧವಿಲ್ಲದ ವಿಷಯಗಳನ್ನು ಬೆರೆಸಬಾರದು ಎಂದ ನಾನೇ ಇಲ್ಲಿ ಬೆರೆಸಲು ಹೇಳುತ್ತಿರುವುದು ಕಲಿಕೆಗಾಗಿ ಅಲ್ಲ. ಆ 90 ನಿಮಿಷದ ನಡಿಗೆ ಕಾಲಿಗೆ ಅಭ್ಯಾಸವಾಗಲಿ ಎಂದು.

ಡಿಸೆಂಬರಿನಲ್ಲಿ ಮತ್ತೆ ಗಣಿತದ ಮೂವತ್ತು ತಪ್ಪುಗಳನ್ನು ಕೂಡಿಹಾಕಿ ಎಣಿಸಿದೆವು. ‘ಆ’ ಎಂಟಕ್ಕೆ ಇಳಿದಿತ್ತು, ‘ಕೈ’ ಹತ್ತೊಂಬತ್ತಕ್ಕೆ ಏರಿತ್ತು. ಹಾಗಾಗಿ ಗುರುವಾರದ ಚೀಟಿಯ ಒಂದೂವರೆ ಗಂಟೆಯಲ್ಲಿ ಅರ್ಧವನ್ನು ಮತ್ತೆ ಸಾಲಿನ ಲೆಕ್ಕಗಳಿಗೆ ಕೊಟ್ಟೆವು. ಕೆಮಿಸ್ಟ್ರಿಯ ಡಬ್ಬಿಯನ್ನು ಅವಳು ಜನವರಿಯ ಮೊದಲ ವಾರ ತೆರೆದಳು.